180ರ ಸೂತ್ರಕ್ಕಿಂತ ಮೊದಲು ಒಂದು ತುಂಡು ನೂಲು

ನಮ್ಮ ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಹತ್ತನೇ ತರಗತಿಯ ಹುಡುಗಿಯೊಬ್ಬಳು ಸ್ಪ್ರೆಡ್‌ಶೀಟಿನಲ್ಲಿ ತ್ರಿಕೋನಮಿತಿಯ ಕೋಷ್ಟಕ ಮಾಡುತ್ತಿದ್ದಳು. `=SIN(30)` ಎಂದು ಟೈಪ್ ಮಾಡಿದಳು. ಬರಬೇಕಾದದ್ದು 0.5. ಪರದೆಯಲ್ಲಿ ಕಂಡದ್ದು -0.988. "ಟೀಚರ್, ಈ ಕಂಪ್ಯೂಟರಿಗೆ ಎಂತ ಆಗಿದೆ?" ಅಂತ ಕೇಳಿದಳು. ಕಂಪ್ಯೂಟರಿಗೆ ಏನೂ ಆಗಿರಲಿಲ್ಲ. ಅವಳು 30 ಡಿಗ್ರಿ ಅಂದುಕೊಂಡಿದ್ದಳು, ಅದು 30 ರೇಡಿಯನ್ ಅಂದುಕೊಂಡಿತ್ತು. 30 ರೇಡಿಯನ್ ಅಂದರೆ ನಾಲ್ಕು ಪೂರ್ಣ ಸುತ್ತು ಮುಗಿಸಿ ಮತ್ತೂ ಸುಮಾರು 279 ಡಿಗ್ರಿ ತಿರುಗಿದ ಕೋನ. ಅದರ ಸೈನ್ -0.988 ಆಗಿರುವುದು ಸರಿಯೇ.

ಅವಳಿಗೆ `=SIN(RADIANS(30))` ಎಂದು ಬರೆಯಲು ಹೇಳಿದೆ, 0.5 ಬಂತು. ಆದರೆ ಅವಳು ಅಷ್ಟಕ್ಕೆ ಬಿಡಲಿಲ್ಲ. "ನಮಗೆಲ್ಲ ಗೊತ್ತಿರುವುದು ಡಿಗ್ರಿ. ಕಂಪ್ಯೂಟರ್ ಯಾಕೆ ಗೊತ್ತಿಲ್ಲದ್ದನ್ನು ಹಿಡಿದುಕೊಂಡು ಕೂತಿದೆ?" ಒಳ್ಳೆಯ ಪ್ರಶ್ನೆ. ನಾವು ಶಿಕ್ಷಕರು ಈ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡುತ್ತಿಲ್ಲ ಎಂಬುದು ನನ್ನ ಅಭಿಪ್ರಾಯ. ಕನ್ನಡ ಮಾಧ್ಯಮದಲ್ಲಿ ಹತ್ತು ಮುಗಿಸಿದ ನೀವು ಪ್ಲಸ್ ಒನ್‌ಗೆ ಹೋದಾಗ, ಗಣಿತ ಇದ್ದಕ್ಕಿದ್ದಂತೆ ಇಂಗ್ಲಿಷಿಗೆ ತಿರುಗಿರುತ್ತದೆ. ತ್ರಿಕೋನಮಿತಿಯ ಪಾಠದ ಮೊದಲ ಪುಟಗಳಲ್ಲೇ ರೇಡಿಯನ್ ಎದುರಾಗುತ್ತದೆ. ಹೊಸ ಭಾಷೆ, ಹೊಸ ಅಳತೆ ಎರಡೂ ಒಟ್ಟಿಗೆ. ಆಗ ಹೆಚ್ಚಿನವರು ಮಾಡುವುದು ಒಂದೇ: "180ರಿಂದ ಭಾಗಿಸು, π ಯಿಂದ ಗುಣಿಸು" ಎಂದು ಬಾಯಿಪಾಠ ಮಾಡಿ ಮುಂದೆ ಹೋಗುವುದು. ಆ ಸೂತ್ರಕ್ಕಿಂತ ಮೊದಲು ನೀವು ಒಂದು ತುಂಡು ನೂಲು ಹಿಡಿಯಬೇಕು ಎಂಬುದೇ ನಾನು ಹೇಳಹೊರಟ ಮಾತು.

ನೂಲಿನ ಕೆಲಸ

ಅಡುಗೆಮನೆಯಿಂದ ಒಂದು ಉರುಟು ಡಬ್ಬಿಯ ಮುಚ್ಚಳ ತನ್ನಿ. ಅದನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲಿನಿಂದ ಗೀಟು ಎಳೆದು, ಆ ವೃತ್ತವನ್ನು ಕತ್ತರಿಸಿ. ಎರಡು ಸಲ ಮಡಚಿದರೆ ಕೇಂದ್ರ ಸಿಕ್ಕಿತು. ಕೇಂದ್ರದಿಂದ ಅಂಚಿನವರೆಗೆ ಎಷ್ಟಿದೆಯೋ ಅಷ್ಟೇ ಉದ್ದದ ನೂಲು ಕತ್ತರಿಸಿ. ಅಂದರೆ ನೂಲು ತ್ರಿಜ್ಯದಷ್ಟೇ ಉದ್ದ. ಈಗ ಆ ನೂಲನ್ನು ಮುಚ್ಚಳದ ಅಂಚಿನ ಮೇಲೆ ಬಾಗಿಸಿ ಅಂಟಿಸಿದಂತೆ ಇಟ್ಟು, ಅದರ ಎರಡು ತುದಿಗಳನ್ನು ಗುರುತು ಮಾಡಿ. ಆ ಗುರುತುಗಳನ್ನು ಕಾಗದದ ವೃತ್ತಕ್ಕೆ ಇಳಿಸಿ ಕೇಂದ್ರಕ್ಕೆ ಗೆರೆ ಎಳೆದರೆ ಒಂದು ಕೋನ ಸಿಗುತ್ತದೆ. ಅದೇ ಒಂದು ರೇಡಿಯನ್. ಕೋನಮಾಪಕ ಇಟ್ಟು ನೋಡಿ, ಸುಮಾರು 57 ಡಿಗ್ರಿ.

ಇಲ್ಲಿ ಒಂದು ತಪ್ಪು ಆಗುತ್ತದೆ, ನನ್ನ ತರಗತಿಯಲ್ಲಿ ಪ್ರತಿ ವರ್ಷ ಆಗುತ್ತದೆ. ಕೆಲವರು ನೂಲನ್ನು ಬಾಗಿಸದೆ, ಅಂಚಿನ ಒಂದು ಬಿಂದುವಿನಿಂದ ಇನ್ನೊಂದಕ್ಕೆ ನೆಟ್ಟಗೆ ಎಳೆದು ಹಿಡಿಯುತ್ತಾರೆ. ಆಗ ಸಿಗುವುದು ಸಮಬಾಹು ತ್ರಿಭುಜ, ಕೋನ ಸರಿಯಾಗಿ 60 ಡಿಗ್ರಿ, ಒಂದು ಸುತ್ತಿಗೆ ಸರಿಯಾಗಿ ಆರು ನೂಲು. ಬಾಗಿಸಿದರೆ ನೂಲು ಅಂಚಿನ ಸೊಟ್ಟದಾರಿಯಲ್ಲಿ ಹೋಗಬೇಕು, ಹಾಗಾಗಿ ಅಷ್ಟು ದೂರ ತಲುಪುವುದಿಲ್ಲ, 57ರ ಹತ್ತಿರ ನಿಲ್ಲುತ್ತದೆ. ಒಂದು ಸುತ್ತು ಮುಗಿಸಲು ಆರು ನೂಲು ಸಾಲದು, ಇನ್ನೊಂದು ನೂಲಿನ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು ಬೇಕು: 6.28. ಈ ಸಂಖ್ಯೆ ನಿಮಗೆ ಹೊಸತಲ್ಲ. ಪರಿಧಿ 2πr ಎಂದು ಕಲಿತಿದ್ದೀರಿ. ಪರಿಧಿಯಲ್ಲಿ ಎಷ್ಟು ತ್ರಿಜ್ಯಗಳಿವೆ ಎಂದು ಎಣಿಸಿದರೆ 2π, ಅಷ್ಟೇ.

ಪರಿವರ್ತನೆಗೆ ಬೇಕಾದದ್ದು ಇದೊಂದೇ: ಅರ್ಧ ಸುತ್ತಿಗೆ 180 ಡಿಗ್ರಿ, ಅರ್ಧ ಸುತ್ತಿಗೆ π ರೇಡಿಯನ್. 75 ಡಿಗ್ರಿಯನ್ನು ರೇಡಿಯನ್ ಮಾಡಬೇಕೆನ್ನಿ. 75 ಅಂದರೆ ಅರ್ಧ ಸುತ್ತಿನ ಎಷ್ಟು ಭಾಗ? 75/180, ಅಂದರೆ 5/12. ಹಾಗಾದರೆ ಅದು π ಯ 5/12 ಭಾಗ, 5π/12, ಸುಮಾರು 1.309. ತಿರುಗಿಸಿ ಬರುವುದಾದರೆ, 2.5 ರೇಡಿಯನ್ ಅರ್ಧ ಸುತ್ತಿನ 2.5/π ಭಾಗ. 180ರಲ್ಲಿ ಅಷ್ಟು ಭಾಗ ತೆಗೆದರೆ 143.24 ಡಿಗ್ರಿ. ಭಿನ್ನರಾಶಿಯನ್ನು ತಲೆಕೆಳಗಾಗಿ ಹಾಕಿದಿರೋ ಎಂದು ತಿಳಿಯಲು ಆ 57 ಸಾಕು. 75 ಡಿಗ್ರಿ 57ಕ್ಕಿಂತ ಸ್ವಲ್ಪ ಹೆಚ್ಚು, ಹಾಗಾಗಿ ಉತ್ತರ 1ಕ್ಕಿಂತ ಸ್ವಲ್ಪ ಹೆಚ್ಚಿರಬೇಕು. ನಿಮಗೆ 4297 ಬಂದಿದ್ದರೆ ಎಲ್ಲಿ ಎಡವಿದಿರಿ ಅಂತ ಯಾರೂ ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಉತ್ತರಪತ್ರಿಕೆಯಲ್ಲಿ "π = 180" ಎಂದು ಬರೆಯುವವರಿದ್ದಾರೆ. π ಯಾವತ್ತೂ 3.1416ರ ಆಸುಪಾಸಿನ ಸಂಖ್ಯೆಯೇ. ಸಮ ಇರುವುದು π ರೇಡಿಯನ್ ಮತ್ತು 180 ಡಿಗ್ರಿ. π ಕಾಣದಿದ್ದರೆ ಅದು ರೇಡಿಯನ್ ಅಲ್ಲ ಅಂದುಕೊಳ್ಳುವುದೂ ತಪ್ಪೇ. 2.5 ರೇಡಿಯನ್ ಅಂದರೆ ಎರಡೂವರೆ ನೂಲು, ಅದರಲ್ಲಿ π ಎಲ್ಲಿಂದ ಬರಬೇಕು?

ಒಂದೇ ಅಳತೆಗೋಲು

ಇದೆಲ್ಲ ಸರಿ, ಡಿಗ್ರಿಯಲ್ಲಿ ಏನು ಕಡಿಮೆ? 360 ಎಂಬ ಸಂಖ್ಯೆ ವೃತ್ತದೊಳಗಿನಿಂದ ಬಂದದ್ದಲ್ಲ. 60ರ ಲೆಕ್ಕದಲ್ಲಿ ಎಣಿಸುತ್ತಿದ್ದ ಬ್ಯಾಬಿಲೋನಿಯದವರಿಂದ ನಮಗೆ ಬಂದ ಬಳುವಳಿ ಅದು. ಸುತ್ತನ್ನು 400 ಭಾಗ ಮಾಡಿದರೂ ವೃತ್ತಕ್ಕೆ ಬೇಜಾರಿಲ್ಲ. ಆದರೆ ನೂಲನ್ನು ಬದಲಿಸಲು ಆಗುವುದಿಲ್ಲ. ದೊಡ್ಡ ಮುಚ್ಚಳಕ್ಕೆ ದೊಡ್ಡ ನೂಲು, ಸಣ್ಣದಕ್ಕೆ ಸಣ್ಣ ನೂಲು, ಕೋನ ಮಾತ್ರ ಅದೇ. ಬೇರೆ ಗ್ರಹದಲ್ಲಿ ಯಾರಾದರೂ ಜ್ಯಾಮಿತಿ ಕಲಿತರೆ ಅವರಿಗೂ ಇದೇ ಕೋನ ಸಿಗುತ್ತದೆ.

ಇದರ ನಿಜವಾದ ಲಾಭ ಸಣ್ಣ ಕೋನಗಳಲ್ಲಿ ಕಾಣುತ್ತದೆ. ವೃತ್ತದ ಅಂಚಿನಲ್ಲಿ ಸ್ವಲ್ಪವೇ ಮೇಲೆ ಹೋಗಿ, ಅಲ್ಲಿಂದ ಕೆಳಗಿನ ತ್ರಿಜ್ಯಕ್ಕೆ ನೇರ ಲಂಬ ಇಳಿಸಿ. ತ್ರಿಜ್ಯ 1 ಆಗಿದ್ದರೆ ಆ ಲಂಬವೇ sin, ನೀವು ಹೋದ ಬಾಗಿದ ದಾರಿಯೇ ರೇಡಿಯನ್ನಿನಲ್ಲಿ ಕೋನ. ಕೋನ ಸಣ್ಣದಾದಷ್ಟು ಇವೆರಡೂ ಒಂದನ್ನೊಂದು ಅಂಟಿಕೊಳ್ಳುತ್ತವೆ. sin(0.1) = 0.0998. sin(0.01) = 0.0099998. ಸೈನ್ ಬೆಲೆಯನ್ನು ಕೋನದಿಂದ ಭಾಗಿಸಿದರೆ ಉತ್ತರ 1ರ ಕಡೆಗೆ ಹೋಗುತ್ತದೆ. ಡಿಗ್ರಿಯಲ್ಲೂ ಮಾಡಿ ನೋಡಿ: sin 1° = 0.01745, ಅದನ್ನು 1ರಿಂದ ಭಾಗಿಸಿದರೆ 0.01745. ಕೋನ ಎಷ್ಟು ಸಣ್ಣದು ಮಾಡಿದರೂ ಅದು ಅಲ್ಲೇ ನಿಲ್ಲುತ್ತದೆ. ಆ 0.01745 ಯಾವುದು ಗೊತ್ತಾ? π/180. ಲಂಬವನ್ನು ಒಂದು ಕೋಲಿನಲ್ಲಿ, ದಾರಿಯನ್ನು ಇನ್ನೊಂದು ಕೋಲಿನಲ್ಲಿ ಅಳೆದದ್ದಕ್ಕೆ ಕಟ್ಟಬೇಕಾದ ಸುಂಕ.

ಮುಂದೆ ಕಲನಶಾಸ್ತ್ರದಲ್ಲಿ sin ಬದಲಾಗುವ ದರ cos ಎಂದು ಕಲಿಯುತ್ತೀರಿ. ಆ ಮಾತು ನಿಂತಿರುವುದು ಮೇಲೆ ಹೇಳಿದ ಆ 1ರ ಮೇಲೆ. ಡಿಗ್ರಿಯಲ್ಲಿ ಅಳೆದರೆ ದರ cos ಅಲ್ಲ, cos ನ 0.01745 ಪಟ್ಟು. ಇನ್ನೊಮ್ಮೆ ದರ ತೆಗೆದರೆ ಇನ್ನೊಮ್ಮೆ ಅದೇ ಸುಂಕ. ಲೋಲಕದ ಓಲಾಟ, ಪರ್ಯಾಯ ವಿದ್ಯುತ್ತು, ಶಬ್ದದ ಅಲೆ ಎಲ್ಲ ಲೆಕ್ಕದಲ್ಲೂ ಹೆಜ್ಜೆಹೆಜ್ಜೆಗೆ ಅದನ್ನು ಹೊತ್ತುಕೊಂಡೇ ತಿರುಗಬೇಕು.

ಹೆಸರು ಹೊಸತು, ಉಪಾಯ ಹಳೆಯದು

ರೇಡಿಯನ್ ಎಂಬ ಶಬ್ದ ಅಚ್ಚಿನಲ್ಲಿ ಕಂಡದ್ದು 1873ರಲ್ಲಿ, ಬೆಲ್‌ಫಾಸ್ಟಿನಲ್ಲಿ ಜೇಮ್ಸ್ ಥಾಮ್ಸನ್ ಕೊಟ್ಟ ಪರೀಕ್ಷೆಯ ಪ್ರಶ್ನೆಗಳಲ್ಲಿ. ಆದರೆ ದಾರಿಯನ್ನೂ ಲಂಬವನ್ನೂ ಒಂದೇ ಕೋಲಿನಲ್ಲಿ ಅಳೆಯುವ ಉಪಾಯ ಆರ್ಯಭಟನಲ್ಲೇ ಇದೆ. ಅವನ ಸೈನ್ ಕೋಷ್ಟಕದಲ್ಲಿ ವೃತ್ತದ ಸುತ್ತಳತೆ 21600 ಕಲೆ, ಅಂದರೆ 360 × 60. ಅದೇ ಕಲೆಯಲ್ಲಿ ತ್ರಿಜ್ಯ 3438. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? 21600ನ್ನು 2π ಯಿಂದ ಭಾಗಿಸಿ ನೋಡಿ, 3437.7. ಅದನ್ನು 60ರಿಂದ ಭಾಗಿಸಿದರೆ ನಮ್ಮ ನೂಲಿನ 57 ಡಿಗ್ರಿಯೇ! ಅವನ ಕೋಷ್ಟಕದ ಮೊದಲ ಮೆಟ್ಟಿಲು 225 ಕಲೆಯ ಕಂಸ, ಅದಕ್ಕೆ ಅವನು ಕೊಟ್ಟ ಅರ್ಧಜ್ಯಾ ಕೂಡ 225. ಸಣ್ಣ ಕೋನದಲ್ಲಿ ದಾರಿ ಮತ್ತು ಲಂಬ ಒಂದೇ ಎಂಬ ಮಾತು ಅಲ್ಲಿ ಸಂಖ್ಯೆಯಾಗಿ ಕೂತಿದೆ. ಅವನ ತ್ರಿಜ್ಯ 1 ಅಲ್ಲ, 3438, ಹಾಗಾಗಿ ಅದು ಇಂದಿನ ರೇಡಿಯನ್ ಅಲ್ಲ. ಆದರೂ ಕೋಲು ಒಂದೇ.

ಕಾಸರಗೋಡಿನ ನಮಗೆ ಮುಂದಿನ ಕಥೆ ಇನ್ನೂ ಹತ್ತಿರದ್ದು. ಹದಿನಾಲ್ಕನೇ ಶತಮಾನದಲ್ಲಿ ಇದೇ ಕೇರಳದ ಸಂಗಮಗ್ರಾಮದ ಮಾಧವ, ಕಂಸ ಕೊಟ್ಟರೆ ಸೈನ್ ಬೆಲೆ ಹೇಳುವ ಶ್ರೇಣಿ ಕಂಡುಹಿಡಿದ. ಇಂದಿನ ಬರವಣಿಗೆಯಲ್ಲಿ ಅದು ಹೀಗೆ:

sin x = x − x³/6 + x⁵/120 − …

30 ಡಿಗ್ರಿಗೆ x = 0.5236 ಹಾಕಿ. x³/6 ಸುಮಾರು 0.0239, ಕಳೆದರೆ 0.4997. ಮೂರನೇ ಪದ 0.0003, ಕೂಡಿಸಿದರೆ 0.5000. ಮೂರೇ ಪದದಲ್ಲಿ ಮುಗಿಯಿತು. ಇನ್ನು x ಜಾಗದಲ್ಲಿ 30 ಎಂದೇ ಹಾಕಿ ನೋಡಿ: 30 − 4500, ಎರಡೇ ಪದಕ್ಕೆ −4470. ಮುಂದಿನ ಪದ ಎರಡು ಲಕ್ಷ ದಾಟುತ್ತದೆ. ಶ್ರೇಣಿಗೆ ಡಿಗ್ರಿ ಎಂದರೆ ಏನೆಂದೇ ಗೊತ್ತಿಲ್ಲ. ಅದು 30 ನೂಲು ಎಂದೇ ಓದುತ್ತದೆ, ಮತ್ತು ಬಹಳ ಪದಗಳಾದ ಮೇಲೆ ಆ ಹಳೆಯ -0.988ಕ್ಕೇ ಬಂದು ಸೇರುತ್ತದೆ. ಸೂತ್ರಗಳು ಮಾತಾಡುವುದು ರೇಡಿಯನ್ನಿನಲ್ಲಿ, ಕಂಪ್ಯೂಟರ್ ಅವುಗಳ ಮಾತು ಕೇಳಿತು. ಆ ಹುಡುಗಿಯ ಪ್ರಶ್ನೆಗೆ ಉತ್ತರ ಇಷ್ಟೇ.

ಹಾಗಂತ ಕೋನಮಾಪಕವನ್ನು ಬಿಸಾಡಿ ಎನ್ನುವವಳು ನಾನಲ್ಲ. ಲಂಬಕೋನಕ್ಕೆ 90 ಎನ್ನುವುದು 1.5708 ಎನ್ನುವುದಕ್ಕಿಂತ ಎಷ್ಟೋ ಸುಲಭ. 360ನ್ನು ಮೂರು, ನಾಲ್ಕು, ಐದು, ಆರು ಭಾಗ ಮಾಡಲೂ ಕಷ್ಟವಿಲ್ಲ. ಅಕ್ಷಾಂಶ ಹೇಳಲು, ಬಡಗಿ ಮರ ಕೊಯ್ಯಲು, ಜಾಗ ಅಳೆಯಲು ಡಿಗ್ರಿಯೇ ಇರಲಿ. ನನ್ನ ತಕರಾರು ಇರುವುದು ಕಲಿಸುವ ಕ್ರಮದ ಬಗ್ಗೆ. ಕಂಸದ ಉದ್ದ ಕಲಿಸುವ ದಿನವೇ ಹತ್ತು ನಿಮಿಷ ನೂಲಿನ ಕೆಲಸ ಮಾಡಿಸಿ, "ಕಂಸದ ಉದ್ದ = ತ್ರಿಜ್ಯ × ಎಷ್ಟು ನೂಲು" ಎಂದು ಕನ್ನಡದಲ್ಲೇ ಹೇಳಿಕೊಟ್ಟರೆ, ಪ್ಲಸ್ ಒನ್‌ನಲ್ಲಿ s = rθ ಎಂದು ಬೋರ್ಡಿನ ಮೇಲೆ ಬಂದಾಗ ಹೊಸತಾಗಿರುವುದು ಅಕ್ಷರಗಳು ಮಾತ್ರ.

ನಿಮ್ಮ ಟೀಚರ್ ಮಾಡಿಸುವವರೆಗೆ ಕಾಯಬೇಡಿ. ಮುಚ್ಚಳ ಮನೆಯಲ್ಲೇ ಉಂಟು, ನೂಲೂ ಉಂಟು. ನೆಟ್ಟಗೆ ಎಳೆಯಬೇಡಿ, ಬಾಗಿಸಿ.