ಅಳತೆ ಬದಲಾಗಿಲ್ಲ ಸ್ವಾಮಿ, ನೀವು ಬದಲಾಯಿಸಿದ್ದೀರಿ!

ಪ್ರಶ್ನೆ: "ಸಾರ್, ಒಂದು ಡ್ರಾಯಿಂಗಿನಿಂದ ಮೆಟ್ಟಿಲಿನ ಡೀಟೇಲ್ ಕಾಪಿ ಮಾಡಿ ಇನ್ನೊಂದರಲ್ಲಿ ಪೇಸ್ಟ್ ಮಾಡಿದೆ. 900 ಇದ್ದಿದ್ದು 1800 ಆಯ್ತು, 250 ಇದ್ದಿದ್ದು 500 ಆಯ್ತು. ಆಟೋಕ್ಯಾಡ್‌ಗೆ ಹುಚ್ಚು ಹಿಡಿದಿದೆಯಾ? ಡೈಮೆನ್ಶನ್ ಮೇಲೆ ಡಬಲ್ ಕ್ಲಿಕ್ ಮಾಡಿ 900 ಅಂತ ಟೈಪ್ ಮಾಡಿಬಿಟ್ಟೆ. ಸರಿ ತಾನೆ?"

ಉತ್ತರ: ಸರಿ ಅಲ್ಲ. ಖಂಡಿತಾ ಅಲ್ಲ.

ಕೇಳಿದವರು ನಮ್ಮ ಜೀವನ್ ಬಿಮಾ ನಗರದ ಒಂದು ಪುಟ್ಟ ಕಚೇರಿಯಲ್ಲಿ ಡ್ರಾಫ್ಟ್ಸ್‌ಮನ್. ಎಲ್‌ಐಸಿಯ ಹೆಸರು ಹೊತ್ತ ಈ ಬಡಾವಣೆಯಲ್ಲಿ ಹಳೇ ಮನೆ ಕೆಡವಿ ಅದೇ ಮೂವತ್ತು-ನಲವತ್ತರ ಸೈಟಿನಲ್ಲಿ ಮೂರು ಮಹಡಿ ಎಬ್ಬಿಸುವ ಕೆಲಸ ನಿಲ್ಲುವುದೇ ಇಲ್ಲ. ಸೈಟು ಒಂದೇ ಅಳತೆ, ಮೆಟ್ಟಿಲೂ ಹೆಚ್ಚುಕಮ್ಮಿ ಒಂದೇ ಥರ. ಹಾಗಾಗಿ ಹಳೇ ಫೈಲಿನಿಂದ ಕಾಪಿ ಹೊಡೆಯುವುದು ಸಹಜ. ಕಾಪಿ ಹೊಡೆಯುವುದಕ್ಕೆ ನನ್ನ ತಕರಾರಿಲ್ಲ. ಆಮೇಲೆ ಮಾಡುವ ಆ "ಡಬಲ್ ಕ್ಲಿಕ್" ಇದೆಯಲ್ಲ, ನನ್ನ ಜಗಳ ಇರೋದು ಅದರ ಜೊತೆ.

ಮೊದಲು, ಏನಾಯ್ತು ಅಂತ ನೋಡೋಣ. ಡೈಮೆನ್ಶನ್ ಅಂದರೆ ಬರೆದಿಟ್ಟ ಅಂಕಿ ಅಲ್ಲ. ಎರಡು ಬಿಂದುಗಳ ನಡುವಿನ ದೂರವನ್ನು ಅಳೆದು, ಸ್ಟೈಲ್ ಹೇಳಿದ ಹಾಗೆ ತೋರಿಸುವ ವಸ್ತು. ಹಳೇ ಫೈಲಿನಲ್ಲಿ ಪ್ಲಾನ್ 1:50ಕ್ಕೆ ಇತ್ತು. ಮೆಟ್ಟಿಲು 1:25ಕ್ಕೆ ಕಾಣಲಿ ಅಂತ ಆ ಡೀಟೇಲನ್ನು ಎರಡು ಪಟ್ಟು ದೊಡ್ಡದಾಗಿ ಎಳೆದಿದ್ದರು. ಅಂದರೆ 900 ಮಿಲಿಮೀಟರಿನ ಮೆಟ್ಟಿಲ ಅಗಲಕ್ಕೆ ಗೆರೆ ಇದ್ದದ್ದು 1800. ಡೈಮೆನ್ಶನ್ ಮಾತ್ರ ನಿಜದ ಅಳತೆ ತೋರಿಸಬೇಕಲ್ಲ, ಅದಕ್ಕೆ `DIM50` ಅನ್ನೋ ಸ್ಟೈಲಿನಲ್ಲಿ `DIMLFAC` ಬೆಲೆಯನ್ನು 0.5 ಮಾಡಿದ್ದರು. 1800 × 0.5 = 900. ಲೆಕ್ಕ ಸರಿ.

ಹೊಸ ಫೈಲಿನಲ್ಲೂ `DIM50` ಅನ್ನೋ ಸ್ಟೈಲೇ ಇತ್ತು. ಆದರೆ ಅದರಲ್ಲಿ `DIMLFAC` 1. ಒಂದೇ ಹೆಸರಿನ ಎರಡು ಸ್ಟೈಲ್ ಎದುರಾದರೆ ಆಟೋಕ್ಯಾಡ್ ಜಗಳ ಆಡೋದಿಲ್ಲ, ಎಚ್ಚರಿಸೋದೂ ಇಲ್ಲ. ಮನೆಯಲ್ಲಿ ಮೊದಲೇ ಇದ್ದವನದೇ ಮಾತು. ಬಂದ ನೆಂಟ ತನ್ನ ಸ್ಟೈಲನ್ನು ಹೊಸ್ತಿಲಾಚೆ ಬಿಟ್ಟು ಒಳಗೆ ಬರಬೇಕು. 1800 × 1 = 1800. ಹುಚ್ಚು ಹಿಡಿದಿಲ್ಲ, ಹೇಳಿದ್ದನ್ನು ಮಾಡಿದೆ ಅಷ್ಟೆ.

ಇನ್ನೊಂದು ತಮಾಷೆ ನೋಡಿ. ಅದೇ ಡೀಟೇಲಿನಲ್ಲಿ ಒಂದೆರಡು ಡೈಮೆನ್ಶನ್ ಬದಲಾಗದೆ ಉಳಿದಿದ್ದವು. ಯಾರೋ ಹಿಂದೆ ಪ್ರಾಪರ್ಟೀಸಿನಲ್ಲಿ ಅವಕ್ಕೆ ಮಾತ್ರ `Dim scale linear` ಬೆಲೆ ತುಂಬಿದ್ದರು. ಹಾಗೆ ಒಂದೊಂದಕ್ಕೇ ಕೊಟ್ಟ ಬದಲಾವಣೆ ಸ್ಟೈಲಿಗೆ ಸೇರಿದ್ದಲ್ಲ, ಆ ಡೈಮೆನ್ಶನ್ನಿನ ಜೇಬಿನಲ್ಲೇ ಇರುತ್ತದೆ. ಹೋದಲ್ಲೆಲ್ಲ ಜೊತೆಗೆ ಹೋಗುತ್ತದೆ.

ಬದಲಾದದ್ದು ಸ್ಟೈಲೋ, ಗೆರೆಯೋ ಅಂತ ತಿಳಿಯೋದು ಹೇಗೆ? ಎರಡೂ ಫೈಲಿನಲ್ಲಿ `DIST` ಕೊಟ್ಟು ಅದೇ ಎರಡು ಬಿಂದು ಅಳೆಯಿರಿ. ಎರಡೂ ಕಡೆ ಒಂದೇ ಬಂದರೆ ಗೆರೆ ಹಾಗೇ ಇದೆ, ತಪ್ಪಿತಸ್ಥ ಸ್ಟೈಲ್. `DIST` ಕೂಡ 25.4 ಪಟ್ಟು ಆಗಿದ್ದರೆ ಒಂದು ಫೈಲು ಇಂಚಿನದು, ಇನ್ನೊಂದು ಮಿಲಿಮೀಟರಿನದು, ಆಗ `INSUNITS` ನೋಡಿ. ಅಂಕಿ ಅದೇ ಇದ್ದು ಅಕ್ಷರ, ಬಾಣ ಮಾತ್ರ ದೊಡ್ಡದು-ಚಿಕ್ಕದಾಗಿದ್ದರೆ ಅದು `DIMSCALE`. ಅದು ಅಳತೆಯನ್ನು ಮುಟ್ಟುವುದಿಲ್ಲ, ಗಾಬರಿ ಬೇಡ.

ಈಗ ಜಗಳದ ವಿಷಯ. ಡಬಲ್ ಕ್ಲಿಕ್ ಮಾಡಿ 900 ಅಂತ ಟೈಪ್ ಮಾಡಿದಾಗ ಆಗೋದೇನು? ಡೈಮೆನ್ಶನ್ ಅಳೆಯೋದನ್ನು ನಿಲ್ಲಿಸೋದಿಲ್ಲ, ಆದರೆ ಅಳೆದದ್ದನ್ನು ಹೇಳೋದನ್ನು ನಿಲ್ಲಿಸುತ್ತದೆ. ನೀವು ಬಾಯಿಗೆ ತುರುಕಿದ್ದನ್ನೇ ಕೊನೆತನಕ ಹೇಳುತ್ತದೆ. ಪ್ರಾಪರ್ಟೀಸ್ ತೆರೆದು ನೋಡಿ, `Measurement` ಎದುರು 1800, `Text override` ಎದುರು 900. ಒಂದೇ ವಸ್ತುವಿನಲ್ಲಿ ಎರಡು ಮಾತು. ಪ್ರಿಂಟಿನಲ್ಲಿ ಬರೋದು ಎರಡನೆಯದು.

ಇದರ ಫಲ ಏನಾಯ್ತು ಕೇಳಿ. ಸೈಟು ಕಾಗದದಲ್ಲಿ 30 ಅಡಿ, ಟೇಪ್ ಹಿಡಿದಾಗ ಇಪ್ಪತ್ತೊಂಬತ್ತೂವರೆ. ಕಮ್ಮಿಯಾದ ಆರಿಂಚನ್ನು ಮೆಟ್ಟಿಲ ಕೋಣೆಯಿಂದ ಕಳೆದರು. 1900 ಇದ್ದ ಕೋಣೆ 1750 ಆಯ್ತು. ಮಧ್ಯದ 100ರ ಸಂದು ಬಿಟ್ಟರೆ ಒಂದೊಂದು ಸಾಲು ಮೆಟ್ಟಿಲಿಗೆ ಉಳಿದದ್ದು 825. `STRETCH` ಮಾಡಿ ಪ್ಲಾನೂ ಸರಿಪಡಿಸಿದರು, ಡೀಟೇಲೂ ಸರಿಪಡಿಸಿದರು. ಪ್ಲಾನಿನ ಅಂಕಿಗಳು ತಾವಾಗೇ ಬದಲಾದವು. ಡೀಟೇಲಿನಲ್ಲಿ ಗೆರೆ ಒಳಗೆ ಸರಿಯಿತು, ಟೈಪ್ ಮಾಡಿದ 900 ಮಾತ್ರ ಕಲ್ಲಿನ ಹಾಗೆ ಕೂತಿತ್ತು.

ಕಂಬಿ ಕಟ್ಟುವವರು ಡೀಟೇಲ್ ನೋಡಿದರು. ಎರಡು ಬದಿ 20 ಕವರ್ ಬಿಟ್ಟು ಅಡ್ಡಕಂಬಿಗಳನ್ನು 860ಕ್ಕೆ ಕತ್ತರಿಸಿಟ್ಟರು. ಬೇಕಾದದ್ದು 785. ಸೆಂಟ್ರಿಂಗ್‌ನವರು ಹಲಗೆ ಕೂರಿಸಲು ಹೋದಾಗ 900, 100, 900 ಸೇರಿ 1750ರಲ್ಲಿ ಹಿಡಿಯಲಿಲ್ಲ. ಆಗ ಗುಟ್ಟು ರಟ್ಟಾಯ್ತು. ಕೋಣೆ ಚಿಕ್ಕದಾಗಿದ್ದು ಪುಣ್ಯ, ಉದ್ದದ ಕಂಬಿಯನ್ನು ಗಿಡ್ಡ ಮಾಡಬಹುದು. ದೊಡ್ಡದಾಗಿದ್ದರೆ ಗಿಡ್ಡ ಕಂಬಿಯನ್ನು ಯಾರು ಎಳೆದು ಉದ್ದ ಮಾಡುತ್ತಾರೆ?

ಬೈಗುಳ ಬಿದ್ದದ್ದು ಯಾರಿಗೆ? ಕಂಬಿ ಕಟ್ಟುವವರಿಗೆ. "ಪ್ಲಾನ್ ನೋಡಬಾರದಿತ್ತಾ" ಅಂತ. ಇದು ಅನ್ಯಾಯ ಅಲ್ಲವೇ? ನಮ್ಮ ಪ್ರತಿ ಹಾಳೆಯ ಮೂಲೆಯಲ್ಲಿ ನಾವೇ ಬರೆದಿರುತ್ತೇವೆ: ಬರೆದ ಅಳತೆಯನ್ನೇ ಪಾಲಿಸಿ, ಸ್ಕೇಲ್ ಇಟ್ಟು ಅಳೆಯಬೇಡಿ. ಗೆರೆಯನ್ನು ನಂಬಬೇಡ, ಅಂಕಿಯನ್ನು ನಂಬು ಅಂತ ಆಜ್ಞೆ ಕೊಟ್ಟವರು ನಾವು. ಆ ಅಂಕಿಯನ್ನೇ ಸುಳ್ಳು ಮಾಡಿದವರೂ ನಾವು.

"ಕ್ಲೈಂಟ್ ಅವಸರ ಸಾರ್, ಟೈಮಿಲ್ಲ" ಅಂತಾರೆ. ಮೂವತ್ತು ಡೈಮೆನ್ಶನ್ನಿಗೆ ಮೂವತ್ತು ಸಲ ಟೈಪ್ ಮಾಡಲು ಟೈಮಿದೆಯಲ್ಲ! ಸರಿಯಾದ ದಾರಿ ಅದಕ್ಕಿಂತ ಗಿಡ್ಡ. ಕಾಪಿ ಮಾಡುವ ಮುಂಚೆ ಹಳೇ ಫೈಲಿನಲ್ಲಿ `RENAME` ಕೊಟ್ಟು ಸ್ಟೈಲಿಗೆ ಬೇರೆ ಹೆಸರಿಡಿ, `STAIR25` ಅಂತಿರಲಿ. ಹೆಸರು ಬೇರೆಯಾದರೆ ಪೇಸ್ಟ್ ಮಾಡಿದಾಗ ಸ್ಟೈಲೂ ಜೊತೆಗೆ ಬರುತ್ತದೆ. ಈಗಾಗಲೇ ಪೇಸ್ಟ್ ಮಾಡಿದ್ದರೆ `DIMSTYLE` ತೆರೆದು ಹೊಸ ಸ್ಟೈಲ್ ಮಾಡಿ, `Primary Units` ಪುಟದ `Scale factor` ಜಾಗದಲ್ಲಿ 0.5 ಹಾಕಿ, ಆ ಡೀಟೇಲಿನ ಡೈಮೆನ್ಶನ್‌ಗಳಿಗೆ ಅದನ್ನು ಕೊಡಿ. ನಂತರ `Text override` ಖಾಲಿ ಮಾಡಿ. ಬೇರೆಯವರ ಫೈಲು ಕೈಗೆ ಬಂದರೆ, ಮಾಡೆಲ್ ಟ್ಯಾಬಿನಲ್ಲಿ ಕಮ್ಯಾಂಡ್ ಲೈನಿಗೆ ಇದನ್ನು ಹಾಕಿ:

```
(sssetfirst nil (ssget "_X" '((0 . "DIMENSION") (1 . "?*") (410 . "Model"))))
```

ಟೈಪ್ ಮಾಡಿದ ಪಠ್ಯವಿರುವ ಡೈಮೆನ್ಶನ್‌ಗಳೆಲ್ಲ ಆಯ್ಕೆಯಾಗಿ ಕೂರುತ್ತವೆ. ಆಟೋಕ್ಯಾಡ್ ಎಲ್‌ಟಿಯಲ್ಲಾದರೆ ಇದು 2024ರ ಆವೃತ್ತಿಯಿಂದ ಮಾತ್ರ ನಡೆಯುತ್ತದೆ.

ಹಾಗಂತ ಓವರ್‌ರೈಡೇ ಪಾಪ ಅಂತ ನಾನು ಹೇಳುತ್ತಿಲ್ಲ. `<> CLEAR` ಅಂತ ಬರೆದರೆ ತಪ್ಪೇನಿಲ್ಲ. ಆ ಎರಡು ಕೋನದ ಚಿಹ್ನೆ ಇದ್ದಲ್ಲಿ ಅಳೆದ ಅಂಕಿಯೇ ಬರುತ್ತದೆ, ಗೆರೆ ಸರಿದರೆ ಅದೂ ಸರಿಯುತ್ತದೆ. ಸ್ಕೇಲಿಗೆ ಎಳೆಯದ ಡೀಟೇಲ್ ಆದರೆ ಟೈಪ್ ಮಾಡಲೇಬೇಕು. ಮಾಡಿ, ಆದರೆ ಕೆಳಗೆ `NTS` ಅಂತ ಧೈರ್ಯವಾಗಿ ಬರೆಯಿರಿ. ಇನ್ನು ಕೆಲವರು ಕೊಡುವ "ಎಕ್ಸ್‌ಪ್ಲೋಡ್ ಮಾಡಿಬಿಡು" ಅನ್ನೋ ಸಲಹೆ ಇದೆಯಲ್ಲ, ಅದಂತೂ ಸಾಕ್ಷಿಯನ್ನೇ ಕೊಂದ ಹಾಗೆ. ಓವರ್‌ರೈಡ್‌ನಲ್ಲಿ ನಿಜದ ಅಳತೆ ಕೊನೆಗೆ `Measurement` ಎದುರಾದರೂ ಸಿಗುತ್ತದೆ, ಒಡೆದ ಮೇಲೆ ಉಳಿಯೋದು ಬರೀ ಗೆರೆ, ಬರೀ ಅಕ್ಷರ.

ನಿಮ್ಮಲ್ಲೂ ಕ್ಯಾಡ್ ಹಿಡಿದವರು ಇದ್ದೀರಿ ಅಂತ ಗೊತ್ತು. ಮೇಲಿನ ಸಾಲನ್ನು ನಿಮ್ಮ ಕಚೇರಿಯ ಯಾವುದಾದರೂ ಹಳೇ ಫೈಲಿನಲ್ಲಿ ಓಡಿಸಿ, ಎಷ್ಟು ಸಿಕ್ಕಿತು ಅಂತ ಹೇಳಿ. ಒಂದೂ ಸಿಗದಿದ್ದರೆ ನಿಮ್ಮ ಕಚೇರಿಗೆ ನನ್ನ ಕಡೆಯಿಂದ ಒಂದು ಫಿಲ್ಟರ್ ಕಾಫಿ!