ಜಾಮೀನಿನ ರುಜು

“ಹೆಸರಿಗೆ ಒಂದು ರುಜು ಹಾಕಿಕೊಡಿ, ಸಾಕು” ಎಂಬ ಮಾತನ್ನು ಕೇಳದ ಮನೆ ನಮ್ಮಲ್ಲಿ ವಿರಳ. ಕೇಳುವವನಿಗೆ ಅದು ಸಲಿಗೆಯ ಮಾತು, ಹಾಕುವವನಿಗೆ ದಾಕ್ಷಿಣ್ಯದ ಮಾತು. ಕಾನೂನಿನಲ್ಲಿ ಮಾತ್ರ ಹೆಸರಿಗೆಂದು ಹಾಕಿದ ರುಜು ಎಂಬುದೊಂದು ಇಲ್ಲವೇ ಇಲ್ಲ. ಪದವಿ ಮುಗಿಸಿ ಮುಂದಿನ ಓದಿಗೆ ಸಾಲ ಪಡೆಯಬೇಕೆಂದಿರುವ ನಮ್ಮಂಥವರು ಈ ಸಂಗತಿಯನ್ನು ಸ್ವಲ್ಪ ವಿಚಾರಮಾಡಿ ನೋಡಬೇಕೆಂಬುದು ನನ್ನ ಅಭಿಪ್ರಾಯ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಬ್ಬ ವಿದ್ಯಾರ್ಥಿ ಬ್ಯಾಂಕಿನಿಂದ 6 ಲಕ್ಷ ರೂಪಾಯಿಗಳ ವಿದ್ಯಾಭ್ಯಾಸದ ಸಾಲವನ್ನು ಪಡೆಯುತ್ತಾನೆ. ತಂದೆ ಸಹ-ಅರ್ಜಿದಾರ, ಸೋದರಮಾವ ಜಾಮೀನುದಾರ. ಓದು ಮುಗಿದು, ಕೆಲವು ಕಂತುಗಳು ಸಂದು, ಬಡ್ಡಿ ಸೇರಿ 5 ಲಕ್ಷ ಉಳಿದಿರುವಾಗ ಹುಡುಗನ ಕೆಲಸ ಹೋಗುತ್ತದೆ, ಕಂತು ನಿಲ್ಲುತ್ತದೆ. ಈಗ ಯಾರ ಹೊಣೆ ಎಷ್ಟು?

ಮೊದಲು ತಂದೆಯ ವಿಚಾರ. ‘ಸಹ-ಅರ್ಜಿದಾರ’ ಎಂಬ ಹೆಸರು ಅರ್ಜಿಗೆ ಮಾತ್ರ ಜೊತೆಗಾರನೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಆದರೆ ಸಾಲದ ಕರಾರುಪತ್ರಕ್ಕೂ ಆತನ ರುಜು ಬಿದ್ದಿರುತ್ತದೆ. ಆದ್ದರಿಂದ ಆತನೂ ಸಾಲಗಾರನೇ. 1872ರ ಭಾರತೀಯ ಕರಾರು ಕಾಯಿದೆಯ 43ನೆಯ ಕಲಮಿನ ಪ್ರಕಾರ, ಕೂಡಿ ಮಾತು ಕೊಟ್ಟವರಲ್ಲಿ ಯಾರೊಬ್ಬನಿಂದಲಾದರೂ ಪೂರ್ತಿ ಹಣವನ್ನು ಕೇಳಬಹುದು. ಅರ್ಧ ಮಗನದು, ಅರ್ಧ ನನ್ನದು ಎಂಬ ವಾದ ಬ್ಯಾಂಕಿನ ಮುಂದೆ ನಡೆಯದು. ಮೊದಲ ಕಂತಿನ ದಿನದಿಂದಲೇ ಅದು ತಂದೆಯ ಸಾಲವೂ ಹೌದು.

ಮಾವನ ಹೊಣೆ ಹಾಗಲ್ಲ. ಸಾಲಗಾರರು ತಪ್ಪಿದಾಗ ಅದು ಎಚ್ಚರಗೊಳ್ಳುತ್ತದೆ. ಆದರೆ ಎಚ್ಚರಗೊಂಡ ಮೇಲೆ ಅದರ ಅಳತೆ ಕಡಿಮೆಯೇನಲ್ಲ. ಪತ್ರದಲ್ಲಿ ಬೇರೆ ಬಗೆಯಾಗಿ ಬರೆದಿಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ ಎಂದು 128ನೆಯ ಕಲಮು ಹೇಳುತ್ತದೆ. “ಮೊದಲು ಹುಡುಗನನ್ನು ಹಿಡಿಯಿರಿ, ಆಮೇಲೆ ನನ್ನ ಬಳಿ ಬನ್ನಿ” ಎಂದು ಮಾವ ಹೇಳಬಹುದೆಂದು ಬಹುಮಂದಿ ನಂಬಿದ್ದಾರೆ. ಬಿಹಾರದ ಬ್ಯಾಂಕೊಂದರ ಮೊಕದ್ದಮೆಯಲ್ಲಿ ಕೆಳಗಿನ ನ್ಯಾಯಾಲಯವೂ ಹಾಗೆಯೇ ಆಜ್ಞೆಮಾಡಿತ್ತು. 1968ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು: ಸಾಲಗಾರನ ಮೇಲಿನ ಪ್ರಯತ್ನವೆಲ್ಲ ಮುಗಿಯುವ ತನಕ ಕಾಯಬೇಕಾದರೆ ಜಾಮೀನು ಪಡೆದ ಉದ್ದೇಶವೇ ಕೆಡುತ್ತದೆ ಎಂಬುದು ಅದರ ತರ್ಕ.

ಹಾಗಾದರೆ ಇಬ್ಬರಿಗೂ ಭೇದವೇ ಇಲ್ಲವೇ? ಇದೆ, ಆದರೆ ಅದು ಹಣ ಕಟ್ಟುವಾಗಲ್ಲ, ಕಟ್ಟಿದ ಮೇಲೆ ಕಾಣುತ್ತದೆ. ಮಾವ 5 ಲಕ್ಷವನ್ನು ಕಟ್ಟಿದರೆ, ಆ 5 ಲಕ್ಷವನ್ನೂ ಸಾಲಗಾರರಿಂದ ವಸೂಲುಮಾಡುವ ಹಕ್ಕು 145ನೆಯ ಕಲಮಿನಿಂದ ಅವರಿಗೆ ಬರುತ್ತದೆ. ಬ್ಯಾಂಕಿಗೆ ಸಾಲಗಾರರ ಮೇಲಿದ್ದ ಹಕ್ಕುಗಳೂ 140ನೆಯ ಕಲಮಿನಿಂದ ಅವರ ಕೈಸೇರುತ್ತವೆ. ತಂದೆ ಕಟ್ಟಿದರೆ, ತಮ್ಮೊಳಗೆ ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಮಗನ ಪಾಲಾದ ಎರಡೂವರೆ ಲಕ್ಷವನ್ನು ಮಾತ್ರ ಕೇಳಬಹುದು. ಉಳಿದದ್ದು ಅವರ ಸ್ವಂತ ಸಾಲ. ಮಾವನ ಹಕ್ಕು ದೊಡ್ಡದೆಂಬುದು ನಿಜ. ಆದರೆ ಕೆಲಸವಿಲ್ಲದ ಸೋದರಳಿಯನ ಮೇಲೂ ಭಾವನ ಮೇಲೂ ದಾವೆ ಹೂಡುವ ಮಾವ ಎಷ್ಟು ಮಂದಿ? ಕಾಯಿದೆ ಕೊಟ್ಟ ಹಕ್ಕನ್ನು ನೆಂಟಸ್ತನ ಕಿತ್ತುಕೊಳ್ಳುತ್ತದೆ.

ಜಾಮೀನುದಾರನಿಗೆ ಕಾಯಿದೆ ಇನ್ನೊಂದು ರಕ್ಷೆಯನ್ನೂ ಕೊಟ್ಟಿದೆ. ಆತನ ಒಪ್ಪಿಗೆಯಿಲ್ಲದೆ ಬ್ಯಾಂಕು ಸಾಲದ ಷರತ್ತುಗಳನ್ನು ಬದಲಿಸಿದರೆ, ಆ ಬದಲಾವಣೆಯ ಮುಂದಿನ ವ್ಯವಹಾರಕ್ಕೆ ಆತ ಹೊಣೆಯಲ್ಲ. ಆದರೆ ಬ್ಯಾಂಕುಗಳ ಅಚ್ಚಾದ ಜಾಮೀನುಪತ್ರಗಳಲ್ಲಿ ಸಾಮಾನ್ಯವಾಗಿ ಒಂದು ವಾಕ್ಯವಿರುತ್ತದೆ: ಇಂಥ ಬದಲಾವಣೆಗಳಿಗೆಲ್ಲ ನಾನು ಮೊದಲೇ ಒಪ್ಪಿದ್ದೇನೆ ಎಂದು. ರುಜು ಬಿದ್ದೊಡನೆ ಆ ರಕ್ಷೆ ಕಳಚಿಬೀಳುತ್ತದೆ. ಜಾಮೀನನ್ನು ಮನಬಂದಾಗ ಹಿಂತೆಗೆದುಕೊಳ್ಳುವುದೂ ಸಾಧ್ಯವಿಲ್ಲ. ಕೊಟ್ಟುಹೋದ ಸಾಲಕ್ಕೆ ಹೊಣೆ ಉಳಿದೇ ಉಳಿಯುತ್ತದೆ.

ಜಾಮೀನು ನಿಲ್ಲುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಆಸ್ತಿಯಿಲ್ಲದ ಮನೆಯ ಹುಡುಗರು ಓದುವುದು ಯಾರದೋ ನಂಬಿಕೆಯ ಬಲದಿಂದಲೇ. ನಾನು ಬಯಸುವುದು ಇಷ್ಟು: ‘ಬೇರೆ ಬಗೆಯಾಗಿ ಬರೆದಿಲ್ಲದಿದ್ದರೆ’ ಎಂದು ಕಾಯಿದೆ ತೆರೆದಿಟ್ಟಿರುವ ಬಾಗಿಲನ್ನು ನಾವು ತಟ್ಟಬೇಕು. ಇಂತಿಷ್ಟು ರೂಪಾಯಿಗೆ ಮಾತ್ರ ಹೊಣೆ ಎಂಬ ಮಿತಿಯನ್ನು ಬರೆಯುವಂತೆ ಕೇಳಬೇಕು. ಬ್ಯಾಂಕು ಒಪ್ಪದಿದ್ದರೆ, ಪೂರ್ತಿ ಹಣವನ್ನು ತೆತ್ತರೂ ತಡೆದುಕೊಳ್ಳಬಲ್ಲವನು ಮಾತ್ರ ರುಜು ಹಾಕಬೇಕು. ಪತ್ರದ ಪ್ರತಿಯನ್ನು ಕೇಳಿ ಪಡೆಯಬೇಕು. ಕಂತು ತಪ್ಪಿದೊಡನೆ ಜಾಮೀನುದಾರನಿಗೂ ತಿಳಿಸುವಂತೆ ಬ್ಯಾಂಕಿಗೆ ಬರೆದುಕೊಡಬೇಕು. ಒಂದು ಕಂತು ತಪ್ಪಿದಾಗ ಸರಿಪಡಿಸಬಹುದಾದದ್ದು ಹತ್ತು ಕಂತು ತಪ್ಪಿದ ಮೇಲೆ ಕೈಮೀರುತ್ತದೆ.

ಇನ್ನು ಸಾಲ ಬೇಡುವ ವಿದ್ಯಾರ್ಥಿಗೂ ಒಂದು ಕರ್ತವ್ಯವುಂಟು. ಬ್ಯಾಂಕಿನ ಮೇಜಿನ ಮುಂದೆ ಪುಟ ತಿರುವಿ ಬೆರಳಿಟ್ಟು ತೋರಿಸಿ ರುಜು ಹಾಕಿಸಿಕೊಳ್ಳುವುದಲ್ಲ. ಹಿಂದಿನ ದಿನವೇ ಪತ್ರವನ್ನು ಮಾವನ ಮನೆಗೆ ಒಯ್ದು, ಅದು ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಬಿಡಿಸಿ ಹೇಳಿ, ಒಲ್ಲೆನೆನ್ನಲು ಅವರಿಗೆ ಒಂದು ರಾತ್ರಿಯ ಅವಕಾಶ ಕೊಡುವುದು. ಕಲಿತವನು ಕಲಿಯದ ಬಂಧುವಿಗೆ ಮಾಡಬೇಕಾದ ಮೊದಲ ಉಪಕಾರ ಇದೇ.