ಬಾಡಿಗೆದಾರರು ತೀರಿಕೊಂಡರೆ ಮುಂಗಡ ಯಾರ ಕೈಗೆ?



ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತ, ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದ ಹಿರಿಯರು ತೀರಿಕೊಂಡರೆನ್ನಿ. ತುರುವೇಕೆರೆಯ ಮಗ ತಿಥಿ ಮುಗಿಸಿ ಬಂದು ಬೀಗದ ಕೈ ಕೊಟ್ಟರೆ ಮುಗಿಯಿತೆಂದು ಎರಡೂ ಕಡೆಯವರು ತಿಳಿಯುತ್ತಾರೆ.

ಹಾಗಲ್ಲ. ಸಾವಿನಿಂದ ಬಾಡಿಗೆ ಸಂಬಂಧ ತಾನಾಗಿ ಕಡಿಯುವುದಿಲ್ಲ, ಸಾಮಾನ್ಯವಾಗಿ ವಾರಸುದಾರರಿಗೆ ಸಾಗುತ್ತದೆ. ತಿಂಗಳ ಬಾಡಿಗೆಯಾಗಿದ್ದು ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆಯಂತೆ 15 ದಿನ ಮೊದಲು ಲಿಖಿತ ನೋಟಿಸು ಕೊಡಬೇಕು. ಆದ್ದರಿಂದ ‘ಅಣ್ಣಾ, ಅಪ್ಪ ಹೋಗಿಬಿಟ್ರು’ ಎಂದು ಫೋನಿನಲ್ಲಿ ತಿಳಿಸಿದ ಮಗ, ಮರಣದ ದಿನಾಂಕವನ್ನೂ ಮನೆ ಬಿಡುವ ದಿನವನ್ನೂ ಬರೆದ ಪತ್ರವೊಂದನ್ನು ಆ ವಾರದಲ್ಲೇ ಮಾಲೀಕರಿಗೆ ಮುಟ್ಟಿಸಬೇಕು. ತಡವಾದಷ್ಟು ದಿನದ ಬಾಡಿಗೆ ಮುಂಗಡದಲ್ಲೇ ಕರಗುತ್ತದೆ.

ಜಗಳ ಹುಟ್ಟುವುದು ಆ ಮುಂಗಡದಲ್ಲೇ. ಅದು ಮೃತರಿಗೆ ಬರಬೇಕಾದ ಬಾಕಿ, ಎಲ್ಲ ವಾರಸುದಾರರಿಗೂ ಸೇರಿದ್ದು. ಮಗನೊಬ್ಬನ ಕೈಗೆ ನಗದು ಕೊಟ್ಟುಬಿಟ್ಟರೆ, ಚಿಕ್ಕನಾಯಕನಹಳ್ಳಿಗೆ ಕೊಟ್ಟ ಮಗಳು ನಾಳೆ ತನ್ನ ಪಾಲು ಕೇಳಿದಾಗ ಮಾಲೀಕರೂ ಸಿಕ್ಕಿಕೊಳ್ಳುತ್ತಾರೆ. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಇವಿಷ್ಟನ್ನು ಮಾಲೀಕರು ಕೇಳಿದರೆ ಅದು ಅನುಮಾನವಲ್ಲ, ಎಚ್ಚರ. ಮನೆಯವರಲ್ಲೇ ಒಮ್ಮತವಿಲ್ಲದಿದ್ದರೆ ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರ ಬೇಕಾಗುತ್ತದೆ.

50,000 ರೂಪಾಯಿ ಮುಂಗಡದಲ್ಲಿ ಒಂದು ತಿಂಗಳ ಬಾಕಿ 6,000, ಕರೆಂಟ್ ಬಿಲ್ 800, ಕರಾರಿನಲ್ಲಿ ಬರೆದಿದ್ದರೆ ಸುಣ್ಣಬಣ್ಣಕ್ಕೆ 5,000 ಕಳೆದು 38,200 ಉಳಿಯುತ್ತದೆ. ಈ ಲೆಕ್ಕವನ್ನು ಕಾಗದದಲ್ಲಿ ಬರೆದು, ಹಣವನ್ನು ಬ್ಯಾಂಕ್ ಖಾತೆಗೇ ಹಾಕಿ, ಬೀಗದ ಕೈ ಕೊಟ್ಟ ದಿನವೇ ರಸೀದಿಗೆ ಇಬ್ಬರೂ ಸಹಿ ಮಾಡಲಿ.

ಒಬ್ಬ ಓದುಗ, ತಿಪಟೂರು